ಎರಡು ಪಂಚಾಂಗದ ಗೌರಿ

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ರುಕ್ಮಿಣಮ್ಮನೆಂದರೆ ಯಾವ ಮಾತಿಗೂ ತಡವರಿಸದ ಹೆಂಗಸು. ಮಗುವಿಗೆ ಹೊಟ್ಟೆನೋವು ಬಂದರೂ, ಸೊಸೆ ಮುನಿಸಿಕೊಂಡರೂ, ಉಪ್ಪಿನಕಾಯಿಗೆ ಬೂಸಲು ಹಿಡಿದರೂ ಅಕ್ಕಪಕ್ಕದವರು ಅವಳ ಬಾಗಿಲಿಗೇ ಬರುತ್ತಿದ್ದರು. ಅಂಥವಳು ಆ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಎರಡು ಪಂಚಾಂಗಗಳನ್ನು ಮುಂದಿಟ್ಟುಕೊಂಡು, ಯಾವುದನ್ನು ನಂಬಬೇಕೆಂದು ತಿಳಿಯದೆ ಕೂತುಬಿಟ್ಟಳು.

ಅವಳ ತವರು ಬೇಲೂರು. ಅಣ್ಣ ಸುಬ್ಬರಾಮಯ್ಯ ಅಲ್ಲಿ ಸ್ಕೂಲ್ ಮೇಷ್ಟರು. ತಂಗಿ ಸುಂದರಮ್ಮನನ್ನು ಹಳೇಬೀಡಿಗೆ ಕೊಟ್ಟಿತ್ತು. ಗೌರಿ ಹಬ್ಬಕ್ಕೆ ಅಕ್ಕತಂಗಿಯರಿಬ್ಬರೂ ಬೇಲೂರಿಗೆ ಹೋಗಿ, ಅತ್ತಿಗೆಯ ಜೊತೆ ಒಂದೇ ಗೌರಿಯನ್ನು ಕೂರಿಸಿ ಬಾಗಿನ ಕೊಟ್ಟುಕೊಳ್ಳುವುದು ಮೊದಲಿನಿಂದ ಬಂದದ್ದು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಅಣ್ಣ ಒಂದೇ ಒಕ್ಕಣೆಯನ್ನು ಎರಡು ಕಾರ್ಡಿನ ಮೇಲೆ ಬರೆದು ಎರಡೂ ಮನೆಗೆ ಹಾಕುತ್ತಿದ್ದ. ಆ ಕಾರ್ಡು ಬಂದಮೇಲೆಯೇ ಹೊರಡುವ ಮಾತು.

ಹಿಂದಿನ ವರ್ಷ ಮಾತ್ರ ಅದು ತಪ್ಪಿತ್ತು. ಅಣ್ಣನ ಹೆಂಡತಿಗೆ ಸೂತಕ ಬಂದು ಬೇಲೂರಿನಲ್ಲಿ ಹಬ್ಬವಿರಲಿಲ್ಲ. ರುಕ್ಮಿಣಮ್ಮ ತನ್ನ ಮನೆಯ ಪಂಚಾಂಗ ನೋಡಿ ತಂಗಿಗೆ ದಿನ ಬರೆದಳು; ಸುಂದರಮ್ಮ ಅಂದೇ ಪೂಜೆ ಮಾಡಿದಳು. ಅವಳ ಅತ್ತೆ ನಂಬುವ ಪಂಚಾಂಗದಲ್ಲಿ ಹಬ್ಬ ಮಾರನೆಯ ದಿನಕ್ಕಿತ್ತು. ಆಮೇಲೆ ಚಳಿಗಾಲದಲ್ಲಿ ಸುಂದರಮ್ಮನ ಗಂಡ ವಿಷಮಶೀತಜ್ವರದಲ್ಲಿ ಮಲಗಿ, ಬದುಕಿದ್ದೇ ಹೆಚ್ಚು ಎನ್ನುವಂತಾಯಿತು. “ತಿಥಿ ಇಲ್ಲದ ದಿನ ಗೌರಿ ಕೂರಿಸಿದರೆ ಇನ್ನೇನಾಗುತ್ತೆ?” ಎಂದು ಅತ್ತೆ ಅಂದದ್ದು ಅರಸೀಕೆರೆಗೂ ಮುಟ್ಟಿತ್ತು.

ಈ ವರ್ಷ ಮತ್ತೆ ಅದೇ ಗೋಜಲು. ರುಕ್ಮಿಣಮ್ಮನ ಗಂಡ ಹನುಮಂತಯ್ಯ, ಪಾರ್ಸೆಲ್ ಆಫೀಸಿನ ಗುಮಾಸ್ತ, ತರಿಸುತ್ತಿದ್ದುದು ದೃಗ್ಗಣಿತದ ಪಂಚಾಂಗ, ಎಂದರೆ ಆಕಾಶದಲ್ಲಿ ಕಾಣುವ ಚಂದ್ರನಿಗೆ ಲೆಕ್ಕ ತಾಳೆ ನೋಡಿದ್ದು. ಅದರಲ್ಲಿ ಭಾದ್ರಪದದ ತದಿಗೆ ಮಂಗಳವಾರವೆಲ್ಲ ಇದ್ದು, ಬುಧವಾರ ಸೂರ್ಯ ಹುಟ್ಟುವ ಮೊದಲೇ ಮುಗಿಯುತ್ತಿತ್ತು. ಹಾಗಾಗಿ ಮಂಗಳವಾರ ಗೌರಿ, ಬುಧವಾರ ಗಣೇಶ. ತವರಿನಿಂದ ಅವಳು ತರಿಸಿಕೊಂಡದ್ದು ಹಳೆಯ ಸಿದ್ಧಾಂತದ ಲೆಕ್ಕದ್ದು. ಅದರಲ್ಲಿ ತದಿಗೆ ಬುಧವಾರ ಸೂರ್ಯೋದಯದ ಮೇಲೂ ಮೂರು ಘಳಿಗೆ, ಎಂದರೆ ಒಂದು ಗಂಟೆಗೂ ಮಿಕ್ಕು, ಇತ್ತು. ಮಾರನೆಯ ದಿನ ಬೆಳಿಗ್ಗೆ ಎರಡು ಘಳಿಗೆ ತದಿಗೆ ಉಳಿದರೂ ಸಾಕು, ಗಣಪತಿಯ ಚೌತಿ ಸೇರಿದ ಆ ತದಿಗೆಯೇ ಗೌರಿಗೆ ಶ್ರೇಷ್ಠ ಎಂಬುದು ನಿಯಮ. ಅದರಂತೆ ಗೌರಿ, ಗಣೇಶ ಎರಡೂ ಬುಧವಾರವೇ.

ನಿಯಮದಲ್ಲಿ ಇಬ್ಬರಿಗೂ ತಕರಾರಿಲ್ಲ. ಚಂದ್ರನ ಲೆಕ್ಕವೇ ಬೇರೆಯಾದರೆ ಯಾರನ್ನು ಕೇಳುವುದು?

ತಡೆಯಲಾರದೆ ಅವಳು ಅಣ್ಣನ ಕಾರ್ಡಿಗೆ ಕಾಯದೆ ಎರಡೂ ಮನೆಗೆ ಬರೆದಳು: “ನಮ್ಮಲ್ಲಿ ಗೌರಿ ಮಂಗಳವಾರ. ಸೋಮವಾರವೇ ಬರುತ್ತೇನೆ.” ಆ ಕಾರ್ಡುಗಳು ಅಂಚೆ ಡಬ್ಬಿಗೆ ಬಿದ್ದ ದಿನವೇ ಅಣ್ಣನ ಕಾರ್ಡೂ ಬೇಲೂರಿನಿಂದ ಹೊರಟಿತ್ತು: “ಗೌರಿ ಬುಧವಾರ. ಮಂಗಳವಾರ ಸಂಜೆಗೆ ಎಲ್ಲರೂ ಬರುವುದು.”

“ಹೋಗಲಿ ಬಿಡೇ,” ಎಂದ ಹನುಮಂತಯ್ಯ ಕಾರ್ಡು ನೋಡಿ. “ಪೂಜೆ ನಡೆಯೋದು ಅವರ ಮನೇಲಿ. ಹಿರಿಯರು ಹೇಳಿದ ಹಾಗೆ ಮಾಡು.”

“ನೀವು ಹೀಗಂದ್ರೆ ಹೇಗೆ? ಗಂಡನ ಮನೆ ಪಂಚಾಂಗ ಬಿಡಬಹುದೇನ್ರೀ?”

“ಗಂಡನೇ ಹೇಳ್ತಿದೀನಲ್ಲ!”

ಅವಳು ಮತ್ತೆ ಎರಡು ಕಾರ್ಡು ಬರೆದಳು. “ಅಣ್ಣಯ್ಯ ಹೇಳಿದಂತೆ ಬುಧವಾರವೇ ಆಗಲಿ.”

ಅತ್ತ ಬೇಲೂರಿನಲ್ಲಿ ಅವಳ ಮೊದಲ ಕಾರ್ಡು ನೋಡಿ ಸುಬ್ಬರಾಮಯ್ಯ ಪುರೋಹಿತರ ಹತ್ತಿರ ಹೋದ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಮನೆಯ ಪಂಚಾಂಗವೇ ಪ್ರಮಾಣ ಎಂದರು ಅವರು. ತಂಗಿಯ ಮನಸ್ಸು ನೋಯಿಸುವುದೇಕೆಂದು ಅವನೂ ಎರಡು ಕಾರ್ಡು ಹಾಕಿದ: “ರುಕ್ಕು ಹೇಳಿದಂತೆ ಮಂಗಳವಾರವೇ ಆಗಲಿ.” ಕಾರ್ಡುಗಳು ಮತ್ತೊಮ್ಮೆ ದಾರಿಯಲ್ಲೇ ಒಂದನ್ನೊಂದು ದಾಟಿಹೋದವು.

ಎಲ್ಲ ಕಾರ್ಡುಗಳೂ ಸೇರಿದ್ದು ಹಳೇಬೀಡಿನ ಸುಂದರಮ್ಮನ ಮಡಿಲಿಗೆ. ಅಕ್ಕ ಮಂಗಳವಾರ ಎನ್ನುತ್ತಾಳೆ, ಬುಧವಾರ ಎನ್ನುತ್ತಾಳೆ. ಅಣ್ಣ ಬುಧವಾರ ಎನ್ನುತ್ತಾನೆ, ಮಂಗಳವಾರ ಎನ್ನುತ್ತಾನೆ. ಅವಳು ಅತ್ತೆಗೆ ತೋರಿಸದೆ ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ನಿಲ್ಲುವ ಜಾಗಕ್ಕೆ ಬಂದಳು. ಬೇಲೂರಿಗೂ ಅರಸೀಕೆರೆಗೂ ಓಡಾಡುವ ಬಸ್ಸಿನ ಕಂಡಕ್ಟರ್ ಮರುಳಪ್ಪ ಮೂರೂ ಮನೆಗೆ ಪರಿಚಿತ. ಎರಡೂ ಕಡೆ ಕೇಳಿಕೊಂಡು ಬಾ ಎಂದು ಅವನಿಗೆ ಹೇಳಿದಳು.

ಮಾರನೆಯ ದಿನ ಮರುಳಪ್ಪ ಕ್ವಾರ್ಟರ್ಸಿಗೆ ಆಳು ಕಳಿಸಿ ರುಕ್ಮಿಣಮ್ಮನನ್ನು ಬಸ್ ಸ್ಟ್ಯಾಂಡಿಗೆ ಕರೆಸಿದ. ಅಣ್ಣನ ಎರಡನೆಯ ಕಾರ್ಡು ಆಗತಾನೆ ಅವಳ ಕೈಸೇರಿತ್ತು.

“ಅಮ್ಮಾರೇ, ಗೌರಿ ಯಾವತ್ತೈತೆ ಅಂತ ಹಳೇಬೀಡಿನ ಅಮ್ಮಾರು ಕೇಳ್ಕಂಡು ಬಾ ಅಂದವ್ರೆ. ಮೇಷ್ಟ್ರನ್ನ ಕೇಳಿದ್ರೆ, ಅರಸೀಕೆರೆಯೋರು ಏನಂತಾರೋ ಅದೇಯಾ ಅಂತಾರೆ.”

“ನಾನು ಅಣ್ಣಯ್ಯ ಹೇಳಿದ ಹಾಗೆ ಅಂತ ಬರೆದಿದ್ದೀನಲ್ಲಪ್ಪ!”

“ಅಂಗಾದ್ರೆ ಯಾರೂ ಯೋಳಿಲ್ಲ ಅಂದಂಗಾಯ್ತು,” ಎಂದ ಮರುಳಪ್ಪ. “ತಂಗ್ಯಮ್ಮ ಕಣ್ಣಾಗೆ ನೀರು ಆಕ್ಕಂಡಿದ್ರು. ಅತ್ತೆಮ್ಮಾರು ಬುಧವಾರ ಅಂತ ಕುಂತವ್ರಂತೆ. ಬಿರ್ನೆ ಯೋಳಿ, ಬಸ್ಸು ಒಂಟೈತೆ.”

ರುಕ್ಮಿಣಮ್ಮ ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಮಂಗಳವಾರವೆಂದರೆ ಎರಡು ಪಂಚಾಂಗದಲ್ಲೂ ಅಂದು ತದಿಗೆ ಇದೆ, ಆದರೆ ತವರಿನ ನಿಯಮ ಮುರಿಯುತ್ತದೆ. ಬುಧವಾರವೆಂದರೆ ತನ್ನ ಮನೆಯ ಲೆಕ್ಕಕ್ಕೆ ಅಂದು ತದಿಗೆಯೇ ಇಲ್ಲ. ಡ್ರೈವರ್ ಹಾರನ್ ಹೊಡೆದ. ತಾನು ಬರೆದ ದಿನವನ್ನು ನಂಬಿ ತಂಗಿ ಒಂದು ವರ್ಷದಿಂದ ಅತ್ತೆಯ ಬಾಯಲ್ಲಿ ಕೇಳುತ್ತಿರುವ ಮಾತು ನೆನಪಾಯಿತು. ತಂಗಿಯ ಗಂಡ ಮತ್ತೆ ಕೆಮ್ಮಿದರೂ ಆ ಮನೆಯಲ್ಲಿ ಲೆಕ್ಕ ತೆಗೆಯುವುದು ಈ ಹಬ್ಬದಿಂದಲೇ.

“ಬುಧವಾರ,” ಎಂದಳು. “ಎರಡೂ ಮನೇಲಿ ಇದೇ ಮಾತು ಹೇಳು ಮರುಳಪ್ಪ. ಬುಧವಾರ ಬೆಳಿಗ್ಗೆ, ಬೇಲೂರಲ್ಲಿ, ಮೂರು ಘಳಿಗೆ ಒಳಗೆ ಪೂಜೆ. ಇನ್ನು ಯಾರೂ ಕಾರ್ಡು ಬರೀಕೂಡದು. ನಾನೂ ಬರೆಯೋಲ್ಲ.”

ಮರುಳಪ್ಪ ಮಾತನ್ನು ಒಪ್ಪವಾಗಿ ತಲುಪಿಸಿದ. ಮಂಗಳವಾರ ರುಕ್ಮಿಣಮ್ಮ ಬೇಲೂರಿನ ಬಸ್ಸು ಹತ್ತಿದಳು. ಜಾವಗಲ್ಲಿನಲ್ಲಿ ಹೊಸ ಸೀರೆಯುಟ್ಟ ಇಬ್ಬರು ಹೆಂಗಸರು ಬಾಗಿನದ ಮರ ಹಿಡಿದು ಹತ್ತಿದರು, ಕೈಯಲ್ಲಿ ಗೌರಿದಾರ. ಅವರಿಗೆ ಹಬ್ಬ ಮುಗಿದಿತ್ತು. ರುಕ್ಮಿಣಮ್ಮ ತನ್ನ ಬರಿಯ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಬುಧವಾರ ಸೂರ್ಯ ಹುಟ್ಟುವ ಹೊತ್ತಿಗೆ ಅಕ್ಕ, ತಂಗಿ, ಅತ್ತಿಗೆ ಮೂವರೂ ಮಿಂದು ಅರಿಶಿನದ ಗೌರಿಯ ಮುಂದೆ ಕೂತರು. ಸುಬ್ಬರಾಮಯ್ಯ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತು, “ಬೇಗ, ಬೇಗ, ಇನ್ನು ಒಂದೇ ಘಳಿಗೆ,” ಎನ್ನುತ್ತಿದ್ದ. ಪುರೋಹಿತರು ಸಂಕಲ್ಪದಲ್ಲಿ “ತೃತೀಯಾಯಾಂ” ಎಂದಾಗ ರುಕ್ಮಿಣಮ್ಮನ ನಾಲಿಗೆ ತೊಡರಿತು. ತನ್ನ ಗಂಡನ ಮನೆಯಲ್ಲಿ ಈಗ ಚೌತಿ. ದೇವರ ಮುಂದೆ ಸುಳ್ಳಾಡಿದಂತಾಗುವುದೋ, ಸುಮ್ಮನಿದ್ದರೆ ಪೂಜೆ ಕೆಡುವುದೋ? ಪಕ್ಕದಲ್ಲಿ ಸುಂದರಮ್ಮ ಗಟ್ಟಿಯಾಗಿ ಹೇಳುತ್ತಿದ್ದಳು. ಅವಳ ದನಿ ಹಿಡಿದು ರುಕ್ಮಿಣಮ್ಮನೂ ಹೇಳಿದಳು.

ಹದಿನಾರು ಗಂಟಿನ ದಾರ ಕಟ್ಟಿಯಾಯಿತು. ಅಕ್ಕ ಸೆರಗು ಹೊದಿಸಿ ತಂಗಿಯ ಮುಂದೆ ಬಾಗಿನದ ಮರ ಚಾಚಿದಳು. ಅಡುಗೆಮನೆಯಲ್ಲಿ ಗಣಪತಿಗೆ ಕಡುಬಿನ ಹಿಟ್ಟು ಕಾಯುತ್ತಿತ್ತು.

“ಅಕ್ಕಾ, ಇನ್ನೂ ತದಿಗೆ ಇದೆ ಅಲ್ವೇನೇ?” ಎಂದಳು ಸುಂದರಮ್ಮ ಮೆಲ್ಲಗೆ.

“ನನಗೇನು ಗೊತ್ತೇ? ನನ್ನ ತಲೆಯೊಳಗೆ ಎರಡು ದಿನವೂ ಒಟ್ಟಿಗೇ ಕೂತಿವೆ,” ಎಂದಳು ರುಕ್ಮಿಣಮ್ಮ. “ಮರ ಭಾರ ಇದೆ, ಹಿಡ್ಕೋ ಮೊದಲು.”

ಸುಂದರಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಆ ವರ್ಷದಲ್ಲಿ ಮೊದಲ ಸಲ ನಕ್ಕಳು.