ಬೂದಿಯಕ್ಕ ಮತ್ತು ಕೊನೆಯ ಹಾಳೆ

ವಿದೇಶಾಂಗ ಇಲಾಖೆಯ ಗುಪ್ತಲಿಪಿ ಕೋಣೆಯಲ್ಲಿ ಕೆಲಸ ಮುಗಿದ ಹಾಳೆಯನ್ನು ಸುಡಬೇಕೆಂಬುದು ನಿಯಮ. ಉಳಿದವರು ಕಡ್ಡಿ ಗೀರಿ, ಹಾಳೆ ಕಪ್ಪಾದ ಮೇಲೆ ಕೈಕೊಡವಿ ಎದ್ದುಬಿಡುತ್ತಿದ್ದರು. ಈಕೆ ಮಾತ್ರ ಬೂದಿಯನ್ನು ಚಮಚದ ಹಿಂಬದಿಯಿಂದ ನುಣ್ಣಗೆ ಅರೆದು, ನೀರು ಹಾಕಿ ಕಲಸಿ, ಬಚ್ಚಲಿಗೆ ಸುರಿದು, ಕೊನೆಗೆ ಬಚ್ಚಲನ್ನೂ ಒಮ್ಮೆ ಅನುಮಾನದಿಂದ ನೋಡಿ ಬರುತ್ತಿದ್ದಳು. ಬೂದಿಯಕ್ಕ ಎಂಬ ಹೆಸರು ಬಿದ್ದದ್ದು ಹಾಗೆ. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು, ಒಳಗೊಳಗೇ ಅದನ್ನೊಂದು ಬಿರುದೆಂದೇ ಎಣಿಸಿದ್ದಳು.

ಆ ಕೋಣೆಗೆ ಕಿಟಕಿ ಇರಲಿಲ್ಲ. ಕಬ್ಬಿಣದ ಬಾಗಿಲಲ್ಲಿ ಒಂದು ಕಿಂಡಿ. ಕಾಗದ ಬರುವುದು, ಹೋಗುವುದು, ಟೀ ಬರುವುದು, ನಿರ್ದೇಶಕರ ಗದರಿಕೆ ಬರುವುದು, ಎಲ್ಲ ಅದರಲ್ಲೇ. ಒಳಗೆ ಉಕ್ಕಿನ ಕಪಾಟು, ಕಪಾಟಿನಲ್ಲಿ ಅಂಕಿಗಳನ್ನು ಮುದ್ರಿಸಿದ ಹಾಳೆಗಳ ಕಟ್ಟುಗಳು. ಒಂದೊಂದು ಕಟ್ಟಿಗೂ ಜಗತ್ತಿನಲ್ಲಿ ಒಂದೇ ಒಂದು ಅವಳಿ. ಒಂದು ಇಲ್ಲಿ, ಇನ್ನೊಂದು ದೂರದ ಯಾವುದೋ ರಾಯಭಾರ ಕಚೇರಿಯಲ್ಲಿ.

ಕೆಲಸದ ಬಗೆ ಮಗ್ಗಿ ಬಾಯಿಪಾಠ ಮಾಡಿದ ಯಾರಿಗಾದರೂ ಬರುವಂಥದ್ದು. ಸಂದೇಶದ ಅಕ್ಷರಗಳನ್ನು ಅಂಕಿಗಳಾಗಿ ಬರೆಯುವುದು. ಒಂದೊಂದು ಅಂಕಿಗೂ ಹಾಳೆಯ ಒಂದೊಂದು ಅಂಕಿ ಕೂಡಿಸುವುದು. ದಶಕ ಬಂದರೆ ಬಿಟ್ಟುಬಿಡುವುದು: ಏಳಕ್ಕೆ ಎಂಟು ಕೂಡಿದರೆ ಹದಿನೈದು, ಬರೆಯುವುದು ಐದು. ಆ ತುದಿಯವನು ತನ್ನ ಹಾಳೆ ನೋಡಿ, ಐದಕ್ಕೆ ಹತ್ತು ಸಾಲ ತಂದು ಎಂಟನ್ನು ಕಳೆದರೆ ಏಳು ಮರಳಿ ಬರುತ್ತದೆ. ನಡುವೆ ಕದ್ದು ಕೇಳಿದವನಿಗೆ ಸಿಗುವುದು ಐದು ಮಾತ್ರ. ಹಾಳೆಯ ಅಂಕಿಗೆ ಹಿಂದುಮುಂದಿನ ಯಾವ ನಂಟೂ ಇಲ್ಲದಿದ್ದರೆ, ಆ ಐದು ಯಾವ ಅಂಕಿಯಿಂದ ಬೇಕಾದರೂ ಹುಟ್ಟಿರಬಹುದು. ಹಾಗೆಯೇ ಇಡೀ ಸಂದೇಶವೂ ಅಷ್ಟು ಉದ್ದದ ಯಾವ ಮಾತಾದರೂ ಆಗಿರಬಹುದು. ಎಷ್ಟೇ ಬುದ್ಧಿಯಿದ್ದರೂ, ಎಂಥ ಯಂತ್ರವಿದ್ದರೂ, ಇದೇ ಸರಿ ಎಂದು ಹೇಳುವ ಗುರುತೇ ಅದರಲ್ಲಿಲ್ಲ.

"ಹಾಗಾದ್ರೆ ಇದನ್ನ ಯಾರೂ ಒಡೆಯೋಕಾಗಲ್ವಾ?" ಎಂದು ಅವಳ ತಮ್ಮ ಕೇಳಿದ್ದ. ಇಲಾಖೆಗೆ ಅವನನ್ನು ಸೇರಿಸಿದವಳೂ ಇವಳೇ, ಕೆಲಸ ಕಲಿಸಿದವಳೂ ಇವಳೇ.

"ದೇವರಿಗೂ ಆಗಲ್ಲ. ಹಾಳೆ ಕಳ್ಳನ ಕೈಗೆ ಸಿಗಬಾರದು ಅಷ್ಟೆ. ಮತ್ತೆ, ಒಂದು ಹಾಳೆ ಒಂದೇ ಸಲ."

"ಎರಡನೇ ಸಲ ಬಳಸಿದ್ರೆ?"

"ನಿನ್ನ ಕಿವಿ ಹಿಂಡ್ತೀನಿ."

"ಅಷ್ಟು ಒಳ್ಳೇದಾದ್ರೆ ಎಲ್ಲರೂ ಯಾಕೆ ಇದನ್ನೇ ಬಳಸಲ್ಲ ಅಕ್ಕ?"

ಇದಕ್ಕೆ ಉತ್ತರವಾಗಿ ಅವಳು ಅವನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಐದಾರು ಹೆಂಗಸರು ತಂತಿಯ ಪಂಜರ ತಿರುಗಿಸಿ, ಅಂಕಿ ಬರೆದ ಗೋಲಿಯನ್ನು ತೆಗೆದು, ಓದಿ, ಬೆರಳಚ್ಚು ಮಾಡಿ, ಗೋಲಿ ವಾಪಸು ಹಾಕಿ, ಮತ್ತೆ ತಿರುಗಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಇದೇ. ಸುಸ್ತಾದವಳು ಕಣ್ಣುಮುಚ್ಚಿ ಬಾಯಿಗೆ ಬಂದ ಅಂಕಿ ಬರೆಯುವಂತಿಲ್ಲ. ಮನುಷ್ಯನ ಮನಸ್ಸು ಎಷ್ಟು ಬೇಡವೆಂದರೂ ಒಂದು ಲಯಕ್ಕೆ ಬಿದ್ದೇ ಬೀಳುತ್ತದೆ. ಆಡುವ ಪ್ರತಿ ಅಕ್ಷರಕ್ಕೂ ಹೀಗೆ ಗೋಲಿ ತೆಗೆದಿರಬೇಕು. ತೆಗೆದದ್ದನ್ನು ಮೊಹರು ಮಾಡಿದ ಚೀಲದಲ್ಲಿ, ನಂಬಿಕೆಯ ಮನುಷ್ಯನ ಕೈಯಲ್ಲಿ, ಪ್ರಪಂಚದ ಆ ತುದಿಗೆ ಮುಟ್ಟಿಸಿರಬೇಕು.

"ಅಷ್ಟು ನಂಬಿಕೆಯ ಮನುಷ್ಯ ಅಲ್ಲೀವರೆಗೆ ಹೋಗೋದಾದ್ರೆ, ವಿಷಯಾನೂ ಅವನ ಕಿವೀಲೇ ಹೇಳಿಬಿಡಬಹುದಲ್ಲ," ಎಂದ ತಮ್ಮ.

"ಚೀಲ ಹೋದ ಮೇಲೆ ಹುಟ್ಟೋ ವಿಷಯ ಯಾರ ಕಿವೀಲಿ ಹೇಳ್ತೀಯೋ?" ಎಂದಳು. ಗೋಲಿಯ ಹೆಂಗಸರು ನಕ್ಕರು.

ತಮ್ಮನನ್ನು ದೂರದ ಒಂದು ಸಣ್ಣ ಕಚೇರಿಗೆ ಹಾಕಿದರು. ಅವನ ಬಳಿ ಎರಡು ಕಟ್ಟು: ಅವನಿಂದ ಇಲ್ಲಿಗೆ ಬರುವ ಸಂದೇಶಕ್ಕೆ ಒಂದು, ಇಲ್ಲಿಂದ ಅವನಿಗೆ ಹೋಗುವುದಕ್ಕೆ ಇನ್ನೊಂದು. ಒಂದೇ ಹಾಳೆಯನ್ನು ಎರಡೂ ತುದಿಯವರು ಗೊತ್ತಿಲ್ಲದೆ ಬಳಸಿಬಿಡಬಾರದೆಂದೇ ಈ ಬೇಲಿ.

ಆಗ ಇಲಾಖೆಯ ನಿರ್ದೇಶಕರಾಗಿದ್ದವರನ್ನು ಎಲ್ಲರೂ 'ಶುಭಸಂದರ್ಭ' ಎನ್ನುತ್ತಿದ್ದರು. ಕುರ್ಚಿ ಬದಲಾಗಲಿ, ಕಚೇರಿಗೆ ಸುಣ್ಣ ಬಳಿಯಲಿ, ಅವರ ಸುತ್ತೋಲೆ "ನಮ್ಮ ಹೆಮ್ಮೆಯ ಇಲಾಖೆಯ ಈ ಶುಭ ಸಂದರ್ಭದಲ್ಲಿ" ಎಂದೇ ಶುರುವಾಗುತ್ತಿತ್ತು. ಇವನ್ನೆಲ್ಲ ಗುಪ್ತವಾಗಿ ಕಳಿಸಬೇಕೆ ಎಂಬ ಪ್ರಶ್ನೆ ಒಮ್ಮೆ ಸಭೆಯಲ್ಲಿ ಎದ್ದಿತ್ತು. ಎದ್ದು ನಿಂತು ಹೌದು ಎಂದವಳು ಬೂದಿಯಕ್ಕನೇ. "ಮುಖ್ಯವಾದದ್ದನ್ನ ಮಾತ್ರ ಮುಚ್ಚಿ ಕಳಿಸಿದ್ರೆ, ಯಾವುದು ಮುಖ್ಯ ಅಂತ ನಾವೇ ಡಂಗುರ ಹೊಡೆದ ಹಾಗೆ. ಎಲ್ಲಾ ಮುಚ್ಚಬೇಕು." ವಾದ ಸರಿಯಾಗಿತ್ತು. ಶುಭಸಂದರ್ಭದವರು ಮೇಜು ತಟ್ಟಿದರು. ಅಂದಿನಿಂದ ಕುರ್ಚಿಯ ಗವಸಿನ ಬಣ್ಣವೂ ದೇವರಿಗೂ ಒಡೆಯಲಾಗದ ಲಿಪಿಯಲ್ಲಿ ಹೋಗತೊಡಗಿತು. "ತಲುಪಿದೆ, ಗಮನಿಸಿದೆ" ಎಂಬ ಉತ್ತರವೂ ಹಾಗೆಯೇ ಬಂತು. ಎರಡೂ ಕಟ್ಟುಗಳು ಎರಡೂ ತುದಿಯಲ್ಲಿ ತೆಳ್ಳಗಾದವು.

ಆ ವರ್ಷ ತಮ್ಮನಿದ್ದ ದೇಶದಲ್ಲಿ ಗಲಭೆ ಎದ್ದಿತು. ದಾರಿಗಳು ಮುಚ್ಚಿದವು. ಹೊಸ ಕಟ್ಟುಗಳ ಚೀಲ ಗಡಿಯವರೆಗೆ ಹೋಗಿ ವಾಪಸು ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಅವನಿಗೆ ಕಳಿಸುವ ಕಟ್ಟಿನಲ್ಲಿ ಇಲ್ಲಿ ಉಳಿದದ್ದು ಒಂದೇ ಹಾಳೆ. ಅದೇ ಹೊತ್ತಿಗೆ ಸಂಸ್ಥಾಪನಾ ದಿನದ ಸುತ್ತೋಲೆ ಕಿಂಡಿಯಲ್ಲಿ ಬಂತು.

"ಸರ್, ಆ ಕಚೇರಿಗೆ ಇದನ್ನ ತಡೆದು ಕಳಿಸೋಣ. ಒಂದೇ ಹಾಳೆ ಇದೆ."

"ಚೀಲ ಈ ಸಲ ಹೊರಟಿದೆಯಂತೆ, ಇನ್ನೇನು ತಲುಪುತ್ತೆ," ಎಂದರು ಶುಭಸಂದರ್ಭದವರು ಕಿಂಡಿಯಾಚೆಯಿಂದ. "ಎಲ್ಲಾ ಕಚೇರಿಗೂ ಹೋಗಬೇಕು ಅಂತ ನಿಯಮ ಮಾಡಿಸಿದವರು ನೀವೇ ಅಲ್ವೇನಮ್ಮ?"

ಮಾತು ಮುಳ್ಳಿನ ಹಾಗೆ ನಾಟಿತು. ತನ್ನ ನಿಯಮಕ್ಕೆ ತನ್ನ ತಮ್ಮನ ಸಲುವಾಗಿ ವಿನಾಯಿತಿ ಕೇಳಿದಳು ಎಂದು ನಾಳೆ ಟೀ ಜೊತೆ ಮಾತಾಗುವುದು ಅವಳಿಗೆ ಬೇಡವಾಗಿತ್ತು. ಕೂಡಿದಳು, ದಶಕ ಬಿಟ್ಟಳು, ಕಳಿಸಿದಳು, ಸುಟ್ಟಳು, ಅರೆದಳು.

ಮಧ್ಯಾಹ್ನದ ಊಟದ ಹೊತ್ತಿಗೆ ರೇಡಿಯೋದವನು ತಮ್ಮನ ಸಂದೇಶ ತಂದುಕೊಟ್ಟ. ಯಾವ ಹಾಳೆಯೆಂದು ಆ ತುದಿಯವರಿಗೆ ತಿಳಿಯಲಿ ಎಂದು ಹಾಳೆಯ ಸಂಖ್ಯೆ ಮೇಲೆ ಗುಪ್ತಲಿಪಿಯಿಲ್ಲದೆ ಬಿಡಿಯಾಗಿಯೇ ಬರುತ್ತದೆ. ಅದನ್ನು ನೋಡಿ ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು. ಅದು ಅವಳು ಬೆಳಿಗ್ಗೆ ತಾನೇ ಸುಟ್ಟ ಹಾಳೆಯ ಸಂಖ್ಯೆ. ಬೆಳಗಿನ ಸುತ್ತೋಲೆ ಅವನಿಗೆ ಇನ್ನೂ ಮುಟ್ಟಿರಲಿಲ್ಲವೆಂದು ಕಾಣುತ್ತದೆ.

ಹಾಳೆಯಿಲ್ಲ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈಚೆಲ್ಲುತ್ತಿದ್ದರು. ಆದರೆ ಅವಳ ಮುಂದೆ ಬೆಳಗಿನ ಸುತ್ತೋಲೆ ಇತ್ತು, ಅದರ ಗುಪ್ತ ರೂಪವೂ ಇತ್ತು. ಎರಡನೆಯದರಿಂದ ಮೊದಲನೆಯದನ್ನು ಒಂದೊಂದೇ ಅಂಕಿಯಾಗಿ ಕಳೆದರೆ ಉಳಿಯುವುದೇ ಹಾಳೆ. ಕಳೆದಳು. ಬೂದಿಯಾದ ಹಾಳೆ ಅಂಕಿ ಅಂಕಿಯಾಗಿ ಕಾಗದದ ಮೇಲೆ ಎದ್ದು ಕೂತಿತು. ಅದರಿಂದ ತಮ್ಮನ ಮಾತನ್ನು ಬಿಡಿಸಿ ಓದಿದಳು.

"ಕಳಿಸುವ ಹಾಳೆ ಮುಗಿದಿವೆ. ಬರುವ ಕಟ್ಟಿನ ಕೊನೆಯದರಲ್ಲಿ ಬರೆದಿದ್ದೇನೆ. ಅಕ್ಕ ಕೊನೆಯ ಹಾಳೆ ಸುಮ್ಮನೆ ಖರ್ಚು ಮಾಡುವವಳಲ್ಲ. ಸಂಜೆ ಹಳೇ ಗಿರಣಿ ದಾರಿಯಲ್ಲಿ ಎಲ್ಲರೂ ಹೊರಡುತ್ತೇವೆ. ರೇಡಿಯೋ ಒಡೆದು ಹೋಗುತ್ತೇವೆ."

ಓದಿದ ಖುಷಿ ಒಂದು ಉಸಿರಿನಷ್ಟು ಹೊತ್ತು ಇತ್ತು. ಮರುಕ್ಷಣ ಅವಳಿಗೆ ಹೊಳೆದದ್ದು, ತಾನು ಓದಿದ ದಾರಿಯಲ್ಲೇ ಇನ್ನೊಬ್ಬನೂ ಓದಬಲ್ಲ ಎಂದು. ಒಂದೇ ಸಂಖ್ಯೆ ಎರಡು ಸಲ ಗಾಳಿಯಲ್ಲಿ ಹೋಗಿದೆ. ಕದ್ದು ಕೇಳುವವನು ಮೊದಲು ನೋಡುವುದೇ ಅದನ್ನು. ಒಂದರಿಂದ ಇನ್ನೊಂದನ್ನು ಕಳೆದರೆ ಹಾಳೆ ತಾನಾಗಿ ಹಾರಿಹೋಗಿ, ಎರಡು ಮಾತುಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಆಮೇಲೆ ಒಂದು ಮಾತು ಗೊತ್ತಾದರೆ ಸಾಕು, ಇನ್ನೊಂದು ಬಾಯಿಬಿಡುತ್ತದೆ. ಆ ಒಂದು ಮಾತು ಎಲ್ಲಿತ್ತು? ಪ್ರತಿ ವರ್ಷದಂತೆ ಅಂದೂ ಬೆಳಗಿನ ಪತ್ರಿಕೆಗಳಲ್ಲಿ, ನಿರ್ದೇಶಕರ ಭಾವಚಿತ್ರದ ಕೆಳಗೆ, ಅಕ್ಷರ ಬಿಡದೆ ಅಚ್ಚಾಗಿತ್ತು.

ಕಿಂಡಿ ಬಿಟ್ಟು ಬಾಗಿಲನ್ನೇ ತೆರೆದು ಓಡಿದಳು. ಶುಭಸಂದರ್ಭದವರು ದಡ್ಡರಲ್ಲ. ಎರಡು ಕಾಗದ ನೋಡುತ್ತಲೇ ಮುಖ ಸುಣ್ಣದಂತಾಯಿತು.

"ಆ ದಾರಿ ಬೇಡ ಅಂತ ಹೇಳಿ ಅವರಿಗೆ."

"ಯಾವ ಹಾಳೇಲಿ ಹೇಳ್ಲಿ ಸರ್? ಹಾಳೆ ಎಲ್ಲಿದೆ? ಬಿಡಿಯಾಗಿ ಹೇಳಬೇಕು."

"ಬಿಡಿಯಾಗಿ ಹೇಳಿದ್ರೆ, ಗೊತ್ತಿಲ್ಲದವರಿಗೂ ಗೊತ್ತಾಗುತ್ತಲ್ಲ. ಅವರಿನ್ನೂ ಕಂಡುಹಿಡಿದಿಲ್ಲದೇ ಇದ್ರೆ?"

"ಕಂಡುಹಿಡಿದಿದ್ರೆ?"

ಅವರು ಕುರ್ಚಿಯಲ್ಲಿ ಕೂತರು. ಬಿಡಿ ಸಂದೇಶಕ್ಕೆ ಮೇಲಿನವರ ಸಹಿ ಬೇಕು. ಮೇಲಿನವರು ಸಂಸ್ಥಾಪನಾ ದಿನದ ಭಾಷಣದಲ್ಲಿದ್ದರು. ಕೊನೆಗೆ ಶುಭಸಂದರ್ಭದವರೇ, "ಹಾಳಾಗಲಿ, ನಾನೇ ಹಾಕ್ತೀನಿ," ಎಂದು ಸಹಿ ಗೀಚಿದರು. ಆ ಸಹಿ ಎಂದಿನ ಅಲಂಕಾರವಿಲ್ಲದೆ ಇತ್ತು. ಸಂದೇಶ ಇಷ್ಟೇ: "ಹಾಳೆ ಎರಡು ಸಲ ಬಳಕೆಯಾಗಿದೆ. ಯೋಜನೆ ಬದಲಿಸಿ." ರೇಡಿಯೋದವನು ಕಳಿಸಿದ, ಮತ್ತೆ ಕಳಿಸಿದ, ಸಂಜೆಯಾಗುವವರೆಗೂ ಕಳಿಸುತ್ತಲೇ ಇದ್ದ. ಆ ತುದಿಯಿಂದ ಸದ್ದಿಲ್ಲ.

ತಮ್ಮನ ಕಚೇರಿಯವರ ಗಾಡಿ ಗಡಿ ತಲುಪಲಿಲ್ಲ. ಗಿರಣಿಯ ಹತ್ತಿರ ಅಡ್ಡಗಟ್ಟಿದರು ಎಂಬಷ್ಟು ಸುದ್ದಿ ಬಂತು, ದೇಹಗಳು ಬರಲಿಲ್ಲ. ಕಾಯುತ್ತಿದ್ದವರು ಸಂದೇಶ ಓದಿಕೊಂಡೇ ಕಾದರೋ, ಎಲ್ಲ ದಾರಿಯಲ್ಲೂ ಕಾಯುತ್ತಿದ್ದವರ ಕೈಗೆ ಇವರು ಸುಮ್ಮನೆ ಸಿಕ್ಕರೋ, ಹೇಳುವವರು ಯಾರೂ ಉಳಿಯಲಿಲ್ಲ. ವಿಚಾರಣೆಯಾಯಿತು. ಪದ್ಧತಿಯಲ್ಲಿ ಯಾವ ದೋಷವೂ ಇಲ್ಲವೆಂದು ವರದಿ ಬಂತು. ಅದು ನಿಜವೇ. ಆ ಇಡೀ ವ್ಯವಹಾರದಲ್ಲಿ ದೋಷವಿಲ್ಲದ್ದು ಆ ಪದ್ಧತಿಯೊಂದೇ. ಶುಭಸಂದರ್ಭದವರು ಅವಧಿಗೆ ಮುಂಚೆ ನಿವೃತ್ತಿ ಕೇಳಿ ಪಡೆದರು. ಹೋಗುವಾಗ ಭಾಷಣ ಮಾಡಲಿಲ್ಲ.

ಒಂದು ರಾತ್ರಿ ತಮ್ಮನ ಹೆಂಡತಿ ಮಗುವನ್ನು ಮಲಗಿಸಿ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಬೂದಿಯಕ್ಕ ಪಾತ್ರೆ ಒರೆಸುತ್ತಿದ್ದಳು.

"ಅತ್ತಿಗೆ, ಕೊನೇಲಿ ಅವರದ್ದೇನೋ ಬಂದಿತ್ತಂತೆ ಅಲ್ವಾ? ಏನು ಬರೆದಿದ್ರು?"

ಹೇಳಬಾರದೆಂಬ ನಿಯಮ ಇತ್ತು. ಅದು ಅವಳಿಗೆ ಆಗ ನೆನಪಾಗಲಿಲ್ಲ. ನೆನಪಾದದ್ದು ಅಕ್ಕನನ್ನು ನಂಬಿ ಅವನು ಬರೆದಿದ್ದ, ನಡುವಿನ ಆ ಒಂದು ಸಾಲು. ಅದನ್ನು ಬಿಟ್ಟು ಉಳಿದದ್ದನ್ನು ಹೇಳುವುದು ಅವಳ ಕೈಲಾಗಲಿಲ್ಲ, ಸೇರಿಸಿ ಹೇಳುವುದೂ ಆಗಲಿಲ್ಲ.

"ಹಾಳೆ ಸುಟ್ಟುಹೋಗಿತ್ತಮ್ಮ. ಬರೀ ಅಂಕಿ. ಓದೋಕಾಗಲಿಲ್ಲ."

"ನೀವೂ?"

"ಯಾರೂ."

ಅವಳು ಸ್ವಲ್ಪ ಹೊತ್ತು ಮಗುವಿನ ಸಣ್ಣ ಕಾಲುಚೀಲವನ್ನು ಬೆರಳಿಗೆ ಸಿಕ್ಕಿಸಿಕೊಂಡು ತೆಗೆದಳು, ಸಿಕ್ಕಿಸಿಕೊಂಡಳು.

"ಮಗೂಗೆ ಹಲ್ಲು ಬಂದಿದೆ ಅಂತ ನಾನು ಬರೆದಿದ್ದೆ. ಅದು ಮುಟ್ಟಿತು, ಖುಷಿಯಾಯ್ತು, ಬೇಗ ಬರ್ತೀನಿ ಅಂತ ಬರೆದಿರಬಹುದಾ?"

ಬೂದಿಯಕ್ಕನ ಕೈ ಪಾತ್ರೆಯ ಮೇಲೆ ನಿಂತಿತು. ಅವಳು ಬೇಡವೆಂದರೂ ತಲೆಯೊಳಗೆ ಅಕ್ಷರಗಳು ಒಂದೊಂದಾಗಿ ಅಂಕಿಯಾಗಿ ಸಾಲುಗಟ್ಟಿದವು. ಸಂದೇಶದ ಉದ್ದಕ್ಕೆ ಈ ಮಾತು ಸಾಲದು, ಇನ್ನೂ ಬಹಳ ಜಾಗ ಉಳಿಯುತ್ತಿತ್ತು.

"ಬರೆದಿರಬಹುದು," ಎಂದಳು. "ಅದಕ್ಕಿಂತ ಇನ್ನೂ ಉದ್ದ ಇತ್ತು."