ಅವಳ ಹಲ್ಲಿಗಾಗಿ ನನ್ನ ಬಾಯಿ

ನನ್ನ ಹಲ್ಲುಗಳು ಚೆನ್ನಾಗಿವೆ ಎನ್ನುವುದೇ ನಮ್ಮ ಮನೆಯ ದೊಡ್ಡ ಸಮಸ್ಯೆಯಾಗಿದ್ದ ದಿನಗಳಿದ್ದವು.

ನೋವಿದ್ದದ್ದು ನನ್ನ ಹೆಂಡತಿಗೆ. ಕೆಳಗಿನ ಸಾಲಿನಲ್ಲಿ, ಬಲಗಡೆಯ ಕೊನೆಯ ದವಡೆ ಹಲ್ಲು. ಚಳಿಗಾಲ ಶುರುವಾದಾಗ ತಣ್ಣೀರು ಬಿಟ್ಟಳು, ಆಮೇಲೆ ಬಿಸಿ ಕಾಫಿ ಬಿಟ್ಟಳು, ಆಮೇಲೆ ಬಲಗಡೆಯನ್ನೇ ಬಿಟ್ಟಳು. ಎಡಗಡೆಯಲ್ಲೇ ಅಗಿಯುತ್ತಾ, ಲವಂಗದೆಣ್ಣೆಯ ವಾಸನೆ ಬೀರುತ್ತಾ, ನೋಯ್ಡಾದ ನಮ್ಮ ಫ್ಲ್ಯಾಟಿನಲ್ಲಿ ಓಡಾಡಿಕೊಂಡಿದ್ದಳು. ಡಾಕ್ಟರ ಹೆಸರೆತ್ತಿದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದಳು.

ಆಕೆ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು. ಇಂಟರ್ನೆಟ್ಟಿನ ವಿಮರ್ಶೆಗಳನ್ನು ಕಾಪಿ ಹೊಡೆದ ಉತ್ತರಪತ್ರಿಕೆಗಳಂತೆ ನೋಡುತ್ತಾಳೆ. ನಾನು ಮೊಬೈಲಿನಲ್ಲಿ ಯಾವುದೋ ದಂತ ಚಿಕಿತ್ಸಾಲಯಕ್ಕೆ ಐದು ನಕ್ಷತ್ರ ಬಿದ್ದದ್ದನ್ನು ತೋರಿಸಿದರೆ, "ಇದನ್ನ ಬರೆದವನು ಡಾಕ್ಟರ ಭಾಮೈದ" ಅಂದಳು. ಒಂದು ನಕ್ಷತ್ರದ್ದನ್ನು ತೋರಿಸಿದರೆ, "ಇದನ್ನ ಬರೆದವನು ಎದುರಂಗಡಿಯ ಡಾಕ್ಟರ್" ಅಂದಳು. ಮೂರು ನಕ್ಷತ್ರದವರು ಯಾರೆಂದು ಕೇಳಿದೆ. "ಅವರಿಗೆ ಏನೂ ಗೊತ್ತಾಗಿಲ್ಲ."

"ಹಾಗಾದರೆ ಯಾರ ಮಾತು ನಂಬುತ್ತೀಯೆ?"

"ನೀವು ಹೋಗಿ ಬನ್ನಿ. ನಿಮ್ಮ ಬಾಯಿ ತೋರಿಸಿ. ಬಂದು ಹೇಳಿ. ಚೆನ್ನಾಗಿದ್ದರೆ ನಾನೂ ಬರ್ತೀನಿ."

ನಾನು ಕೊಡಗಿನವನು, ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಇದ್ದು ನಿವೃತ್ತನಾದವನು. ಮುಂದೆ ಹೋಗಿ ನೋಡಿಕೊಂಡು ಬಂದು ವರದಿ ಒಪ್ಪಿಸುವುದು ನನಗೆ ಹೊಸದಲ್ಲ. ಆದರೆ ನನ್ನದೇ ಬಾಯಿಯನ್ನು ಮುಂದಿಟ್ಟುಕೊಂಡು ಹೋಗಬೇಕಾಗಿದ್ದು ಅದೇ ಮೊದಲು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ನಾಲ್ಕು ಪ್ರಶ್ನೆ ಕೊಟ್ಟಳು. ಏನು ಮಾಡುತ್ತೇನೆಂದು ಮೊದಲೇ ವಿವರಿಸುತ್ತಾರೆಯೇ? ನೋವಾಗದಂತೆ ಏನು ಮಾಡುತ್ತಾರೆ? ಖರ್ಚೆಷ್ಟೆಂದು ಶುರುಮಾಡುವ ಮೊದಲೇ ಹೇಳುತ್ತಾರೆಯೇ? ಶುಚಿ ಹೇಗಿದೆ? ಪ್ರತಿಯೊಂದಕ್ಕೂ ಇಪ್ಪತ್ತೈದು ಅಂಕ.

ಮೊದಲು ಹೋದದ್ದು ಸೊಸೈಟಿಯ ಎದುರಿನ ಮಾರುಕಟ್ಟೆಯಲ್ಲಿದ್ದ ಕ್ಲಿನಿಕ್ಕಿಗೆ. ಹಲ್ಲು ಕ್ಲೀನ್ ಮಾಡಿಸಬೇಕೆಂದೆ. ಡಾಕ್ಟರು ನನ್ನ ಬಾಯೊಳಗೆ ಇಣುಕಿ, "ಹೋ ಜಾಯೇಗಾ, ಹೋ ಜಾಯೇಗಾ" ಅಂದರು. ಆಗಿಬಿಡುತ್ತೆ, ಆಗಿಬಿಡುತ್ತೆ: ಅದೇ ವಿವರಣೆ. ಖರ್ಚು ಕೇಳಿದೆ. "ಅರೇ ಸರ್, ಆಪ್ ಫೌಜಿ ಹೈಂ, ದೇಖ್ ಲೇಂಗೇ" ಅಂದರು. ನೀವು ಸೈನಿಕರು, ಆಮೇಲೆ ನೋಡಿಕೊಳ್ಳೋಣ ಎಂದರ್ಥ. ನೀರು ಚಿಮ್ಮಿಸುತ್ತಾ ಗುಂಯ್‌ಗುಡುವ ಯಂತ್ರ ಹಲ್ಲಿನ ಮೇಲೆ ಆಡುತ್ತಿದ್ದಾಗ ಅವರ ಫೋನ್ ಹೊಡೆದುಕೊಂಡಿತು. ಕೈಗವಸಿನಲ್ಲೇ ಎತ್ತಿ, ಯಾರಿಗೋ ಮದುವೆಯ ಬ್ಯಾಂಡಿನವರ ಬಗ್ಗೆ ವಿವರವಾಗಿ ಮಾತಾಡಿ, ಅದೇ ಕೈಗವಸಿನಲ್ಲಿ ನನ್ನ ಬಾಯಿಗೆ ಮರಳಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಬಾಯಿ ತೆರೆದುಕೊಂಡವನು ಬೈಯುವುದಾದರೂ ಹೇಗೆ?

ಮನೆಗೆ ಬಂದು ವರದಿ ಒಪ್ಪಿಸಿದೆ. ವಿವರಣೆಗೆ ಎರಡು, ಖರ್ಚಿಗೆ ಸೊನ್ನೆ. ಫೋನಿನ ಕಥೆ ಕೇಳಿ ಶುಚಿಗೆ ಸೊನ್ನೆಗಿಂತ ಕೆಳಗೆ ಹೋಗಬಹುದೇ ಎಂದು ಯೋಚಿಸುತ್ತಾ ಕೂತಳು.

"ನೋವು?"

"ನೋವೇ ಇರಲಿಲ್ಲ. ಬರೀ ಜುಂ ಅಂತಿತ್ತು."

"ಇಂಜೆಕ್ಷನ್ ಕೊಟ್ಟರಾ?"

"ಕ್ಲೀನ್ ಮಾಡೋಕೆ ಯಾಕೆ ಇಂಜೆಕ್ಷನ್?"

"ಹಾಗಾದರೆ ನೋವಿನ ಪ್ರಶ್ನೆಗೆ ನೀವು ಉತ್ತರವನ್ನೇ ಬರೆದಿಲ್ಲ." ಹೀಗೆ ಹೇಳಿ ಎಡಗಡೆಯಲ್ಲಿ ಬಾಳೆಹಣ್ಣು ಅಗಿಯತೊಡಗಿದಳು.

ಎರಡನೆಯ ಕ್ಲಿನಿಕ್ ಮೆಟ್ರೋ ನಿಲ್ದಾಣದ ಪಕ್ಕದ್ದು. ಡಾಕ್ಟರು ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕೂರಿಸಿ, ಏನು ತೊಂದರೆ ಎಂದು ಹಿಂದಿಯಲ್ಲಿ ಕೇಳಿದರು.

"ತೊಂದರೆ ಏನಿಲ್ಲ. ಒಂದು ಇಂಜೆಕ್ಷನ್ ಬೇಕಿತ್ತು" ಎಂದೆ.

ಆಕೆ ಬರೆಯುತ್ತಿದ್ದ ಪೆನ್ನು ನಿಂತಿತು. "ಯಾವ ಹಲ್ಲಿಗೆ, ಅಂಕಲ್?"

"ಯಾವುದಕ್ಕಾದರೂ ಸರಿ. ನೀವು ಹೇಗೆ ಕೊಡ್ತೀರಿ ಅಂತ ನೋಡಬೇಕು."

"ಚೆನ್ನಾಗಿರೋ ಹಲ್ಲಿಗೆ ಕೊಡೋದಿಲ್ಲ, ಅಂಕಲ್."

"ದುಡ್ಡು ಕೊಡ್ತೀನಮ್ಮಾ."

"ಬಿಲ್ಕುಲ್ ನಹೀ."

ಇಡೀ ಆಯುಷ್ಯದಲ್ಲಿ ಸೂಜಿ ಚುಚ್ಚಿ ಎಂದು ಗೋಗರೆದದ್ದು ಅದೊಂದೇ ಸಲ, ಅದೂ ಸಿಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಇದ್ದ ವಿಷಯ ಹೇಳಿದೆ: ನೋವಿರುವುದು ಹೆಂಡತಿಗೆ, ಪರೀಕ್ಷೆ ಬರೆಯುತ್ತಿರುವವನು ನಾನು. ಆಕೆ ನಗಲಿಲ್ಲ. ಅಷ್ಟು ದಿನದಿಂದ ನೋಯುತ್ತಿದ್ದರೆ ಒಳಗೆ ಸೋಂಕು ಇರಬಹುದು, ಊತ ಬಂದರೆ ಒಂದು ದಿನವೂ ಕಾಯಬೇಡಿ, ಕರೆದುಕೊಂಡು ಬನ್ನಿ ಅಂದರು. ನಂತರ, "ಬಂದಿದ್ದೀರಲ್ಲ, ನಿಮ್ಮದನ್ನೂ ನೋಡಿಬಿಡೋಣ" ಎಂದು ಕನ್ನಡಿ ಎತ್ತಿಕೊಂಡರು.

ನೋಡುತ್ತಾ ನೋಡುತ್ತಾ ಒಂದು ಹಲ್ಲಿನ ಹತ್ತಿರ ನಿಂತರು. ಸಣ್ಣದೊಂದು ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದರು. ಎಂದೋ ಸೇನೆಯಲ್ಲಿದ್ದಾಗ ತುಂಬಿಸಿದ್ದ ಫಿಲ್ಲಿಂಗ್. ಅದರ ಅಡಿಯಲ್ಲಿ ಕಪ್ಪಗೆ ಒಂದು ನೆರಳು. ಹುಳುಕು. ನರದವರೆಗೆ ಇನ್ನೂ ಹೋಗಿಲ್ಲ, ಹಳೆಯದನ್ನು ತೆಗೆದು ಹೊಸದಾಗಿ ತುಂಬಿದರೆ ಸಾಕಾಗಬಹುದು. ತೆರೆದಾಗ ಆಳವಾಗಿ ಕಂಡರೆ ಅಲ್ಲೇ ನಿಲ್ಲಿಸಿ ಮತ್ತೆ ನಿಮ್ಮನ್ನು ಕೇಳುತ್ತೇನೆ ಎಂದರು. ಎರಡೂ ದಾರಿಯ ಖರ್ಚನ್ನು ಬೇರೆ ಬೇರೆ ಬರೆದು ಕೈಗಿತ್ತರು.

"ಇದಕ್ಕೆ ಇಂಜೆಕ್ಷನ್ ಬೇಕಾಗುತ್ತಾ?" ಎಂದು ಕೇಳಿದೆ.

"ಬೇಕಾಗುತ್ತೆ, ಅಂಕಲ್."

ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದೆ. "ಹುಳುಕು ಸಿಕ್ತು ಕಣೇ!" ಕಾಯುತ್ತಿದ್ದ ಸರ್ದಾರ್ಜಿಯೊಬ್ಬರಿಗೆ ಮಾತು ಅರ್ಥವಾಗದಿದ್ದರೂ ಸಂತೋಷ ಅರ್ಥವಾಯಿತು. ಅವರು ಬಧಾಯಿ ಎಂದು ಅಭಿನಂದಿಸಿದರು.

ಒಳಗೆ ಹೋಗಿ ಮತ್ತೆ ಕೂತೆ. ಈ ಸಲ ಕಣ್ಣು ಕಿವಿ ಎರಡನ್ನೂ ತೆರೆದಿಟ್ಟುಕೊಂಡಿದ್ದೆ. ಉಪಕರಣಗಳ ಸೀಲ್ ಮಾಡಿದ ಪೊಟ್ಟಣವನ್ನು ನನ್ನ ಎದುರೇ ಹರಿದರು. ಅದರ ಮೇಲಿನ ಗುರುತು ಬಣ್ಣ ಬದಲಾಗಿದ್ದರೆ ಯಂತ್ರದ ಬಿಸಿ ಹಬೆಯಲ್ಲಿ ಹಾದು ಬಂದಿದೆ ಎಂದರ್ಥ ಅಂತ ತೋರಿಸಿಯೂ ಕೊಟ್ಟರು. ಕೈ ತೊಳೆದು ಹೊಸ ಕೈಗವಸು ಹಾಕಿಕೊಂಡರು. ವಸಡಿಗೆ ಮೊದಲು ಮರಗಟ್ಟಿಸುವ ಜೆಲ್ ಹಚ್ಚಿ, ಕಾದು, ಆಮೇಲೆ ನಿಧಾನವಾಗಿ ಸೂಜಿ. ಅರ್ಧ ತುಟಿ ಸತ್ತುಹೋಯಿತು. ಶುರುಮಾಡುವ ಮೊದಲು, "ಏನಾದರೂ ಅನಿಸಿದರೆ ಎಡಗೈ ಎತ್ತಿ ಅಂಕಲ್, ನಿಲ್ಲಿಸ್ತೀನಿ" ಅಂದರು. ನಾನು ಎತ್ತಲಿಲ್ಲ. ಯುದ್ಧಭೂಮಿ ನೋಡಿದವನು ಫಿಲ್ಲಿಂಗಿಗೆ ಕೈ ಎತ್ತುವುದೇ?

ಸಂಜೆ ಊಟದ ಮೇಜಿನಲ್ಲಿ ವರದಿ ಮಂಡನೆಯಾಯಿತು. ಚಹಾ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಶರ್ಟಿಗೆ ಇಳಿಯುತ್ತಿತ್ತು. ಹೆಂಡತಿಯ ಬಲಗೆನ್ನೆ ಬೆಳಿಗ್ಗೆಗಿಂತ ದಪ್ಪಗಿದೆಯೆಂದು ನನಗೆ ಅನುಮಾನ. ಅವಳು ಮುಖ ತಿರುಗಿಸಿಕೊಂಡೇ ಕೇಳುತ್ತಿದ್ದಳು. ವಿವರಣೆಗೆ ಪೂರ್ತಿ ಇಪ್ಪತ್ತೈದು. ಖರ್ಚಿಗೂ ಅಷ್ಟೇ. ಶುಚಿಗೆ ಇಪ್ಪತ್ನಾಲ್ಕು, ಪೂರ್ತಿ ಕೊಡುವುದು ಅವಳ ಜಾಯಮಾನವಲ್ಲ, ಎರಡು ಪ್ರಶ್ನೆಗೆ ಪೂರ್ತಿ ಕೊಟ್ಟದ್ದಕ್ಕೇ ಪಶ್ಚಾತ್ತಾಪವಾಗಿರಬೇಕು. ನೋವಿನದಕ್ಕೆ ಬಂದಾಗ, ಕೈ ಎತ್ತುವ ಮಾತನ್ನೂ ಹೇಳಿದೆ.

"ಎತ್ತಿದಿರಾ?"

"ನಾನ್ಯಾಕೆ ಎತ್ತಲಿ?"

"ಮತ್ತೆ ನಿಲ್ಲಿಸ್ತಾರೆ ಅಂತ ಹೇಗೆ ಗೊತ್ತು?"

"ಹೇಳಿದರಲ್ಲಾ!"

"ಹೇಳೋದು ಎಲ್ಲರೂ ಹೇಳ್ತಾರೆ."

ನನಗೆ ರೇಗಿತು. ನಿನಗೋಸ್ಕರ ಬಾಯಲ್ಲಿ ತೂತು ಕೊರೆಸಿಕೊಂಡು ಬಂದಿದ್ದೇನೆ, ನಿನ್ನ ಕೆನ್ನೆ ಊದುತ್ತಿದೆ, ಇನ್ನೂ ಅಂಕ ಕಡಿಯುತ್ತೀಯಲ್ಲ ಎಂದು ಕೂಗಿದೆ. ಸತ್ತ ತುಟಿಯಿಂದ ಕೂಗಿದರೆ ಗದರಿಕೆಯೂ ಕೂಸಿನ ತೊದಲಾಗುತ್ತದೆ. ಅವಳು ನಗಲಿಲ್ಲ. ತಟ್ಟೆ ನೋಡುತ್ತಾ ಹೇಳಿದಳು.

ಎಂಟು ವರ್ಷದವಳಿದ್ದಾಗ ಹಲ್ಲು ಕೀಳಿಸಿದ್ದರಂತೆ. ಅವಳ ಅಪ್ಪನೂ ಸೇನೆಯವರು, ದಂಡಿನ ಆಸ್ಪತ್ರೆ. ಕೈ ಎತ್ತು ಮಗಳೇ, ನಿಲ್ಲಿಸ್ತೀವಿ ಅಂದಿದ್ದರಂತೆ. ಅವಳು ಎತ್ತಿದ್ದಳು. ಅಪ್ಪನೇ ಆ ಕೈಯನ್ನು ಹಿಡಿದು ಕೆಳಗಿಳಿಸಿ ಒತ್ತಿಕೊಂಡರು. ಕೆಲಸ ಮುಗಿಯುವ ತನಕ ಬಿಡಲಿಲ್ಲ.

"ಹಲ್ಲಿನ ನೋವು ಮರೆತಿದ್ದೀನಿ ರೀ" ಅಂದಳು. "ಅದು ಬಿಡಿ."

ಅವಳನ್ನು ಕಟ್ಟಿಕೊಂಡು ಇಷ್ಟು ವರ್ಷವಾದರೂ ಈ ಮಾತು ಕೇಳಿರಲಿಲ್ಲ. ನೋವಿನದೊಂದೇ ಅವಳ ನಿಜವಾದ ಪ್ರಶ್ನೆ, ಉಳಿದ ಮೂರನ್ನು ಸುಮ್ಮನೆ ಜೊತೆಗೆ ಸೇರಿಸಿದ್ದಳು ಎಂದು ಆಗ ತಿಳಿಯಿತು. ನನಗೆ ಅಳು ಬಂತು. ತುಟಿ ಸತ್ತಿದ್ದರಿಂದ ಅದೂ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಎದ್ದಾಗ ಅವಳ ಕೆನ್ನೆ ಪೂರಿಯಂತೆ ಉಬ್ಬಿತ್ತು. ನನ್ನ ಹೊಸ ಫಿಲ್ಲಿಂಗ್ ಸ್ವಲ್ಪ ಎತ್ತರವಾಗಿ, ಕಚ್ಚಿದಾಗ ಮೊದಲು ಅದೇ ತಾಗುತ್ತಿತ್ತು. ಹಾಗಾದರೆ ಬನ್ನಿ, ಉಜ್ಜಿ ಸರಿಮಾಡಿ ಕೊಡುತ್ತೇನೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಬಾ, ನೀನೇ ಕೂತು ನೋಡು" ಎಂದು ಆಟೋ ಹತ್ತಿಸಿದೆ.

ಅವಳ ಊತ ಕಂಡ ಡಾಕ್ಟರು ಮೊದಲು ಅವಳನ್ನೇ ಕರೆದರು. ಅವಳು ಒಪ್ಪಲಿಲ್ಲ. "ಮೊದಲು ಇವರದು. ಎರಡು ನಿಮಿಷ." ಡಾಕ್ಟರು ನನ್ನ ಮುಖ ನೋಡಿದರು. ನಾನು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದೆ. ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಯಂತ್ರ ಇಟ್ಟರು. ಅದು ಕಿರ್ರೆಂದಿತೋ ಇಲ್ಲವೋ, ನಾನು ಕವಾಯತಿನಲ್ಲಿ ಮಾಡುವಂತೆ ಎಡಗೈಯನ್ನು ನೇರ ಮೇಲಕ್ಕೆತ್ತಿದೆ.

ಯಂತ್ರ ಹೊರಗೆ ಬಂತು. "ದರ್ದ್ ಹುವಾ, ಅಂಕಲ್?" ನೋವಾಯಿತೇ ಎಂದು ಕೇಳಿದರು.

"ಇಲ್ಲ. ಮುಂದುವರಿಸಿ."

ಮತ್ತೆ ಶುರು. ಮತ್ತೆ ಎತ್ತಿದೆ. ಮತ್ತೆ ನಿಂತಿತು. ಸಹಾಯಕಿ ಮಾಸ್ಕಿನ ಹಿಂದೆ ನಗು ತಡೆಯುತ್ತಿದ್ದಳು. ಡಾಕ್ಟರು ಮಾತ್ರ ಹೆಂಡತಿಯ ಕಡೆ ಒಮ್ಮೆ ನೋಡಿ, ಏನೋ ಅರ್ಥವಾದವರಂತೆ, ನಾನು ಎತ್ತಿದಷ್ಟು ಸಲವೂ ನಿಲ್ಲಿಸಿದರು.

ಅವಳು ಎದ್ದು ಬಂದು ಕುರ್ಚಿಯಲ್ಲಿ ಕೂತಳು.

ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಕೀವು ಕಂಡಿತು. ಇವತ್ತು ಹಲ್ಲನ್ನು ತೆರೆದು ಒಳಗಿನ ಒತ್ತಡ ಇಳಿಸುತ್ತೇನೆ, ಬೇರಿನ ಚಿಕಿತ್ಸೆ ಮುಗಿಯಲು ಮತ್ತೆ ಬರಬೇಕು, ಆಮೇಲೆ ಮೇಲೊಂದು ಕ್ಯಾಪ್ ಎಂದು ಡಾಕ್ಟರು ಹೇಳಿ, ಖರ್ಚು ಬರೆದು ತೋರಿಸಿದರು. ಸೋಂಕಿರುವ ಕಡೆ ಇಂಜೆಕ್ಷನ್ ಒಂದೇ ಸಲಕ್ಕೆ ಹಿಡಿಯದಿರಬಹುದು, ನೋವಾದರೆ ಇನ್ನಷ್ಟು ಕೊಡುತ್ತೇನೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳ ಕಾಲಿನ ಹತ್ತಿರದ ಸ್ಟೂಲಿನಲ್ಲಿ ನಾನು ಕೂತೆ. ಕೈ ಹಿಡಿದುಕೊಳ್ಳಬೇಕೆಂದು ಮನಸ್ಸಾಯಿತು. ಹಿಡಿಯಲಿಲ್ಲ. ನನ್ನ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ.

ಮೊದಲ ಸಲ ಅವಳ ಎಡಗೈ ಎದ್ದಾಗ ನಿಜವಾಗಿಯೂ ನೋವಾಗಿತ್ತು. ಯಂತ್ರ ನಿಂತಿತು, ಇನ್ನೊಂದಿಷ್ಟು ಮದ್ದು ಹೋಯಿತು, ಕಾದರು. ಶುರುವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದಳು. ನಿಂತಿತು.

"ದರ್ದ್ ಹೈ, ಆಂಟಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮುಂದುವರಿಸಿ ಎಂದು ಕಣ್ಣಲ್ಲೇ ಹೇಳಿದಳು. ಇನ್ನೊಂದು ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದಳು. ಈಗ ಕೈ ಮೊದಲಿಗಿಂತ ನಿಧಾನವಾಗಿ ಏರಿತು, ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ. ತಾನಾಗಿಯೇ ಕೆಳಗಿಳಿಯಿತು.

ಈಗ ಸೊಸೈಟಿಯಲ್ಲಿ ಯಾರಿಗೆ ಹಲ್ಲು ನೋವಾದರೂ ನಮ್ಮ ಮನೆಗೆ ಬರುತ್ತಾರೆ. ನಾನು ನಾಲ್ಕು ಭಾಗದ ವರದಿಯನ್ನು ಅಂಕಗಳ ಸಮೇತ ಶುರುಮಾಡುತ್ತೇನೆ. ಎರಡು ಕಡೆಯೂ ಅಗಿಯುತ್ತಾ ಒಳಗಿನಿಂದ ಬರುವ ಹೆಂಡತಿ, ನನ್ನನ್ನು ಅರ್ಧದಲ್ಲೇ ತಡೆಯುತ್ತಾಳೆ.

"ಅವರು ನಿಲ್ಲಿಸ್ತಾರೆ" ಅನ್ನುತ್ತಾಳೆ. "ಹೋಗಿ ಬನ್ನಿ."