ಎರ್ಮೆಲಿಂದಾ ತಿರುಗಿ ಬರೆದ ಕಾಗದ

ಲಿಮಾದ ಗುಡ್ಡದ ಮೇಲಿನ ನಮ್ಮ ಸಾಮೂಹಿಕ ಅಡುಗೆಮನೆಯಲ್ಲಿ ನೆಟ್ಟಗೆ ಬರೆಯಲು ಬರುತ್ತಿದ್ದವಳು ಎರ್ಮೆಲಿಂದಾ ಒಬ್ಬಳೇ. ನೆರವು ಕೊಟ್ಟವರಿಗೆ ಅವಳೇ ಕಾಗದ ಬರೆಯುತ್ತಿದ್ದಳು. ಎಲ್ಲರೆದುರು ಓದಿದ ಮೇಲೆಯೇ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು.

ಗುಡ್ಡದ ಕೆಳಗಿನ ಚಪ್ಪಲಿ ಅಂಗಡಿಯ ಸೊರೈದಾ ಮೊದಲ ಸಲ ಹಣ ಕಳಿಸಿದ್ದಳು. ಅವಳಿಗೆ ಬರೆದ ಕಾಗದವನ್ನು ಎರ್ಮೆಲಿಂದಾ ಓದಿದಳು: "ನಿಮ್ಮ ಹಣದಿಂದ ನಾಲ್ಕು ಗ್ಯಾಸ್ ಸಿಲಿಂಡರ್ ತರುತ್ತೇವೆ. ಅರವತ್ತು ಮಕ್ಕಳಿಗೆ ಎರಡು ವಾರ ಮಧ್ಯಾಹ್ನದ ಊಟ ಬೇಯುತ್ತದೆ."

ಅಧ್ಯಕ್ಷೆ ಎವುಲೋಹಿಯಾ ತಲೆ ತಗ್ಗಿಸಿದಳು. "ಎರಡೇ ಸಿಲಿಂಡರ್ ಬರ್ತವೆ ಕಣೇ. ಮಿಕ್ಕಿದ್ದನ್ನ ನಿಕಾನೋರಜ್ಜನ ಶವಪೆಟ್ಟಿಗೆಗೆ ಕೊಟ್ಬಿಟ್ಟೆ."

ಆ ಮುದುಕ ದಿನಾ ನಮ್ಮಲ್ಲೇ ಉಣ್ಣುತ್ತಿದ್ದ, ಅವನಿಗೆ ಯಾರೂ ಇರಲಿಲ್ಲ.

"ಹಾಗಾದ್ರೆ ಈ ಕಾಗದ ಸುಳ್ಳಾಯ್ತಲ್ಲಕ್ಕಾ."

"ಹೆಣ ನಿನ್ನ ಕಾಗದಕ್ಕೆ ಕಾಯತ್ತೇನೆ? ಹಾಗೇ ಕಳ್ಸು. ಅವಳೇನು ಬಂದು ಸಿಲಿಂಡರ್ ಎಣಿಸ್ತಾಳಾ?"

ಎರ್ಮೆಲಿಂದಾ ಕಾಗದ ಹರಿದು ಹೊಸದು ಬರೆದಳು: ಎರಡು ಸಿಲಿಂಡರ್, ಒಂದು ವಾರದ ಊಟ, ಉಳಿದರ್ಧ ಅಜ್ಜನ ಪೆಟ್ಟಿಗೆಗೆ, ಕೇಳದೆ ಮಾಡಿದ್ದು ನಮ್ಮ ತಪ್ಪು, ಬೇಡವೆಂದರೆ ಆ ಅರ್ಧ ಹಿಂದಿರುಗಿಸುತ್ತೇವೆ.

"ಎಲ್ಲಿಂದ ತಂದು ಕೊಡ್ತೀಯ, ನಿನ್ನ ಸೆರಗಿಂದಲಾ?" ಎಂದಳು ಎವುಲೋಹಿಯಾ. ಆದರೂ ಕೊನೆಗೆ ಹೆಬ್ಬೆಟ್ಟು ಒತ್ತಿದಳು. ನಾನೂ ಒತ್ತಿದೆ.

ಎರ್ಮೆಲಿಂದಾ ತಾನೇ ಕೆಳಗಿಳಿದು ಹೋಗಿ ಕೊಟ್ಟು ಬಂದಳು. ಸೊರೈದಾ ಓದಿ, ಮಡಿಸಿ, ಗಿರಾಕಿಯ ಕಡೆ ತಿರುಗಿದಳಂತೆ. ಹಣ ವಾಪಸ್ ಕೇಳಲಿಲ್ಲ, ಮತ್ತೆ ಕಳಿಸಲೂ ಇಲ್ಲ. ಎರಡನೆಯ ವಾರ ಗ್ಯಾಸ್ ಮುಗಿದು ಸೌದೆಯ ಹೊಗೆಯಲ್ಲಿ ಅಡುಗೆ ಮಾಡುವಾಗ ಹೆಂಗಸರು ಎರ್ಮೆಲಿಂದಾಳನ್ನೇ ಬೈದರು. ಅವಳು ಬಗ್ಗಿ ಒಲೆ ಊದಿದಳು.